ಹಳೇ ಫೋಟೋದ ಕಿತ್ತಳೆ ತಾರೀಖು, ಗೀರು, ಕಿತ್ತುಹೋದ ಗೋಡೆ: ಒಂದೊಂದಾಗಿ ಸರಿಮಾಡುವುದು ಹೇಗೆ

ನಮ್ಮ ಅತ್ತೆ ಮನೆ ಗೃಹಪ್ರವೇಶದ ಫೋಟೋ ಇದು. ನಾಲ್ಕಿಂಚು ಆರಿಂಚಿನ ಕಲರ್ ಪ್ರಿಂಟ್, 1993ರದು. ಮಧ್ಯೆ ಕುರ್ಚಿಯಲ್ಲಿ ಅಜ್ಜ, ಒಂದು ಪಕ್ಕ ಮಾವ, ಇನ್ನೊಂದು ಪಕ್ಕ ಹಸಿರು ರೇಷ್ಮೆ ಸೀರೆ ಉಟ್ಟ ಅತ್ತೆ, ಮುಂದೆ ನೆಲದ ಮೇಲೆ ಇಬ್ಬರು ಮಕ್ಕಳು. ಹಿಂದೆ ತಿಳಿ ಹಸಿರು ಡಿಸ್ಟೆಂಪರ್ ಗೋಡೆ, ಬಲಕ್ಕೆ ಬಾಗಿಲ ದಾರಂದ, ಅದಕ್ಕೆ ಕಟ್ಟಿದ ಮಾವಿನ ತೋರಣ.

ಈಗ ಅದರ ಅವಸ್ಥೆ ಕೇಳಿ. ಕೆಳಗಿನ ಬಲಮೂಲೆಯಲ್ಲಿ ಕಿತ್ತಳೆ ಬಣ್ಣದ ಅಂಕಿಗಳು, `8 5 '93` ಅಂತ. ಅದರಲ್ಲಿ `8 5` ಅತ್ತೆಯ ಸೀರೆ ನೆರಿಗೆ ಮೇಲೆ, `'93` ಕೆಂಪು ಕಾವಿ ನೆಲದ ಮೇಲೆ. ಮಾವನ ಭುಜದ ಮೇಲೆ ಹಾದುಹೋದ ಉದ್ದನೆಯ ಬಿಳಿ ಗೀರು. ಸೀರೆ ಮೇಲೆ ಕೆಂಪು ಕೂದಲಿನ ಹಾಗೆ ಕಾಣುವ ಐದಾರು ಸಣ್ಣ ಗೀರುಗಳು. ಮೇಲಿನ ಬಲಮೂಲೆ ಅಂಟಿನ ಆಲ್ಬಮ್ಮಿಗೆ ಹಿಡಿದುಕೊಂಡು, ಎಳೆದಾಗ ಬಣ್ಣದ ಪದರವೇ ಕಿತ್ತು ಬಂದಿದೆ. ಗೋಡೆ, ದಾರಂದದ ತಲೆ, ಅರ್ಧ ತೋರಣ ಎಲ್ಲ ಹೋಗಿ ಅಲ್ಲಿ ಬರೀ ಬಿಳಿ ಕಾಗದ.

ಮೊದಲ ಸಲ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದ್ದೆ. ಒಂದು ಜಾಗದ ಚಿತ್ರವನ್ನು ಇನ್ನೊಂದು ಜಾಗಕ್ಕೆ ನಕಲು ಮಾಡುವ ಕ್ಲೋನ್ ಟೂಲ್ ತಗೊಂಡು ಎಲ್ಲದರ ಮೇಲೂ ತಿಕ್ಕಿದೆ. ತಾರೀಖು ಹೋಯಿತು, ಜೊತೆಗೆ ಸೀರೆ ನೆರಿಗೆಯೂ ಹೋಯಿತು, ಅಲ್ಲಿ ಹಸಿರು ಪಾಚಿ ಬೆಳೆದ ಹಾಗೆ ಕಾಣುತ್ತಿತ್ತು. ಆಮೇಲೆ ಗೊತ್ತಾಗಿದ್ದು ಏನಂದ್ರೆ, ಈ ಹಾನಿಗಳು ನೋಡೋಕೆ ಒಂದೇ ಥರ ಇದ್ದರೂ ಒಳಗೆ ಬೇರೆ ಬೇರೆ. ಕೆಲವು ಕಡೆ ಅಡಿಯಲ್ಲಿ ಚಿತ್ರ ಇನ್ನೂ ಬದುಕಿರುತ್ತದೆ, ಅದನ್ನು ಹೊರಗೆ ತೆಗೆದರೆ ಸಾಕು. ಕೆಲವು ಕಡೆ ಏನೂ ಉಳಿದಿರುವುದಿಲ್ಲ, ಅಲ್ಲಿ ಮಾತ್ರ ಹೊಸದಾಗಿ ಕಟ್ಟಬೇಕು. ಯಾವುದು ಯಾವುದು ಅಂತ ಮೊದಲು ನೋಡಿಕೊಳ್ಳುವುದೇ ಇಲ್ಲಿನ ಅರ್ಧ ಕೆಲಸ.

ನಾನು ಬಳಸುವುದು ಗಿಂಪ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರ್. ಪುಕ್ಕಟೆ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪಲ್ಲೂ ಓಡುತ್ತದೆ. ಫೋಟೋಶಾಪ್ ಇದ್ದವರಿಗೂ ದಾರಿ ಇದೇ, ಮೆನು ಹೆಸರು ಮಾತ್ರ ಬೇರೆ.

ಸ್ಕ್ಯಾನ್ ಮಾಡುವ ಮೊದಲು ನೆಗೆಟಿವ್ ಹುಡುಕಿ

ಆಲ್ಬಮ್ಮಿನ ಹಿಂದಿನ ಜೇಬು, ಸ್ಟುಡಿಯೋದವರು ಕೊಟ್ಟ ಕವರು, ಬೀರುವಿನ ಮೇಲಿನ ಬಿಸ್ಕತ್ತಿನ ಡಬ್ಬ, ಎಲ್ಲ ಕಡೆ ನೋಡಿ. ನೆಗೆಟಿವ್ ಸಿಕ್ಕರೆ ಪ್ರಿಂಟಿನ ಮೇಲಿನ ಗೀರು, ಕಿತ್ತುಹೋದ ಮೂಲೆ ಯಾವುದೂ ಅದರಲ್ಲಿ ಇರುವುದಿಲ್ಲ. ಆದರೆ ತಾರೀಖು ಇದ್ದೇ ಇರುತ್ತದೆ. ಯಾಕಂದ್ರೆ ಅದು ಪ್ರಿಂಟಿನ ಮೇಲೆ ಒತ್ತಿದ ಮುದ್ರೆ ಅಲ್ಲ, ಕ್ಯಾಮೆರಾದೊಳಗೆ ಒಂದು ಪುಟ್ಟ ದೀಪ ಫಿಲ್ಮಿನ ಮೇಲೆಯೇ ಬೆಳಕಲ್ಲಿ ಬರೆದದ್ದು. ನಮಗೆ ನೆಗೆಟಿವ್ ಸಿಗಲಿಲ್ಲ. ಆದರೆ ಅದೇ ದಿನ ಅದೇ ಬಾಗಿಲ ಮುಂದೆ ತೆಗೆದ ಇನ್ನೊಂದು ಫೋಟೋ ಸಿಕ್ಕಿತು. ಅದೂ ಮುಂದೆ ಕೆಲಸಕ್ಕೆ ಬಂತು, ಹಾಗಾಗಿ ಒಂದೇ ದಿನದ ಎಲ್ಲ ಫೋಟೋಗಳನ್ನೂ ಒಟ್ಟಿಗೆ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೋ ಆದರೆ ದಯವಿಟ್ಟು ಕೀಳಬೇಡಿ. ಗಾಜು ಒರೆಸಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ.

ಸೆಟ್ಟಿಂಗ್ ಹೀಗಿರಲಿ: 600 ಡಿಪಿಐ, ಕಲರ್, ಫೈಲು ಟಿಫ್. ಸ್ಕ್ಯಾನರಿನ ಆಟೋ ಕರೆಕ್ಷನ್, ಡಸ್ಟ್ ರಿಮೂವಲ್, ಶಾರ್ಪನಿಂಗ್ ಎಲ್ಲ ಆಫ್. ನಾಲ್ಕು ಆರಿಂಚಿಗೆ 2400 × 3600 ಪಿಕ್ಸೆಲ್ ಬರುತ್ತದೆ. ಮೂರು ಮಿಲಿಮೀಟರ್ ಎತ್ತರದ ಅಂಕಿ ಅಲ್ಲಿ ಸುಮಾರು 70 ಪಿಕ್ಸೆಲ್ ಆಗುತ್ತದೆ, ಕೈ ಆಡಿಸೋಕೆ ಜಾಗ ಸಿಗುತ್ತದೆ. ಜೆಪೆಗ್ ಬೇಡ ಅನ್ನುವುದಕ್ಕೆ ಇಲ್ಲಿ ವಿಶೇಷ ಕಾರಣ ಇದೆ. ಜೆಪೆಗ್ ಸಾಮಾನ್ಯವಾಗಿ ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಒರಟಾಗಿ ಉಳಿಸುತ್ತದೆ, ಹಾಗಾಗಿ ಕಿತ್ತಳೆ ಬಣ್ಣ ಅಂಕಿಯ ಗೆರೆ ದಾಟಿ ಪಕ್ಕದ ಸೀರೆಗೆ ಸೋರುತ್ತದೆ. ಕೆಳಗೆ ಹೇಳುವ ಉಪಾಯ ನಿಂತಿರುವುದೇ ಆ ಬಣ್ಣ ಸೋರದೆ ಇರುವುದರ ಮೇಲೆ.

ಇನ್ನೊಂದು ಮಾತು. ಫೋಟೋ ಮಡಚಿದ್ದರೆ ಅಥವಾ ಮೇಲ್ಮೈ ತಗ್ಗುದಿಣ್ಣೆ ಇದ್ದರೆ ಎರಡು ಸಲ ಸ್ಕ್ಯಾನ್ ಮಾಡಿ, ಎರಡನೇ ಸಲ ಫೋಟೋವನ್ನು ತಲೆಕೆಳಗು ತಿರುಗಿಸಿ ಇಡಿ. ಸ್ಕ್ಯಾನರಿನ ದೀಪ ಒಂದೇ ಕಡೆಯಿಂದ ಬೀಳುವುದರಿಂದ ಒಂದರಲ್ಲಿ ಮಿಂಚಿದ ಅಂಚು ಇನ್ನೊಂದರಲ್ಲಿ ಮಿಂಚುವುದಿಲ್ಲ. ಗಿಂಪಿನಲ್ಲಿ ಎರಡನೆಯದನ್ನು 180 ಡಿಗ್ರಿ ತಿರುಗಿಸಿ ಮೊದಲನೆಯದರ ಮೇಲೆ ಲೇಯರ್ ಆಗಿ ಇಡಿ. ಮೋಡ್ `Difference` ಮಾಡಿ, ಚಿತ್ರ ಆದಷ್ಟು ಕಪ್ಪಾಗುವವರೆಗೆ ಬಾಣದ ಕೀಲಿಗಳಿಂದ ಸರಿಸಿ, ಆಮೇಲೆ ಮೋಡ್ `Darken only` ಮಾಡಿ. ಬರೀ ಬೆಳಕಿನ ಆಟದಿಂದ ಕಾಣುತ್ತಿದ್ದ ಗೀರುಗಳು ಅಲ್ಲೇ ಮಾಯ. ಉಳಿದವು ನಿಜವಾದ ಗೀರುಗಳು.

ಮೂರು ಪದರ ಬಿಡಿಸಿ ನೋಡುವುದು

ಬಣ್ಣದ ಫೋಟೋ ಅಂದರೆ ಕೆಂಪು, ಹಸಿರು, ನೀಲಿ ಅನ್ನುವ ಮೂರು ಕಪ್ಪುಬಿಳುಪು ಚಿತ್ರಗಳು ಒಂದರ ಮೇಲೊಂದು. ಅವನ್ನು ಬಿಡಿಸೋಣ. `Colors > Components > Decompose` ಒತ್ತಿ, `Color model` ಅಲ್ಲಿ `RGB` ಆರಿಸಿ, `Decompose to layers` ಟಿಕ್ ಇರಲಿ. ಹೊಸದೊಂದು ಚಿತ್ರ ತೆರೆದುಕೊಳ್ಳುತ್ತದೆ, ಅದರಲ್ಲಿ `red`, `green`, `blue` ಅನ್ನುವ ಮೂರು ಲೇಯರ್. ಕಣ್ಣಿನ ಗುರುತು ಒತ್ತಿ ಒಂದೊಂದನ್ನೇ ನೋಡಿ.

ನನ್ನ ಫೋಟೋದಲ್ಲಿ ಕೆಂಪು ಲೇಯರಲ್ಲಿ ಸೀರೆ ಮೇಲಿನ `8 5` ಸುಣ್ಣದಲ್ಲಿ ಬರೆದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಹಸಿರಿನಲ್ಲಿ ಮಸುಕಾಗಿ ಇತ್ತು. ನೀಲಿಯಲ್ಲಿ? ಹುಡುಕಬೇಕಾಯಿತು. ನೆರಿಗೆಯ ಪ್ರತಿ ಮಡಿಕೆಯೂ ಅಂಕಿಯ ಅಡಿಯಲ್ಲಿ ಹಾಗೇ ಇತ್ತು. ಇದನ್ನು ಮೊದಲ ಸಲ ನೋಡಿದಾಗ ನಾನು ಜೋರಾಗಿ ನಕ್ಕುಬಿಟ್ಟೆ, ಅಷ್ಟು ದಿನ ತಿಕ್ಕಿದ್ದು ನೆನಪಾಗಿ.

ಕಾರಣ ಸರಳ. ತಾರೀಖಿನ ದೀಪ ಕೆಂಪು-ಕಿತ್ತಳೆ. ಅದು ಫಿಲ್ಮಿನಲ್ಲಿ ಕೆಂಪಿಗೆ ಸ್ಪಂದಿಸುವ ಪದರವನ್ನು ಪೂರ್ತಿ ಸುಡುತ್ತದೆ, ಹಸಿರಿನದನ್ನು ಸ್ವಲ್ಪ, ನೀಲಿಯದನ್ನು ಮುಟ್ಟುವುದೇ ಇಲ್ಲ ಅನ್ನುವಷ್ಟು ಕಮ್ಮಿ.

ಈಗ ಸೀರೆ ಮೇಲಿನ ಆ ಕೆಂಪು ಕೂದಲಿನಂಥ ಗೀರುಗಳನ್ನು ಇದೇ ರೀತಿ ನೋಡಿ. ಅವೂ ಕೆಂಪು ಲೇಯರಲ್ಲಿ ಬಿಳಿ ಗೆರೆ, ನೀಲಿಯಲ್ಲಿ ಕಾಣುವುದಿಲ್ಲ! ಕಲರ್ ಪ್ರಿಂಟ್ ಕಾಗದದಲ್ಲಿ ಎಲ್ಲಕ್ಕಿಂತ ಮೇಲಿನದು ಸಯಾನ್ ಬಣ್ಣದ ಪದರ, ಅದರ ಕೆಳಗೆ ಮಜೆಂಟಾ, ತಳದಲ್ಲಿ ಹಳದಿ. ಉಗುರು ತಾಗಿದಂಥ ಮೇಲುಗೀರು ಸಯಾನನ್ನು ಮಾತ್ರ ಕೆರೆದುಕೊಂಡು ಹೋಗುತ್ತದೆ, ಹಾಗಾಗಿ ಅಲ್ಲಿ ಕೆಂಪು ಕಾಣುತ್ತದೆ. ಇನ್ನೂ ಆಳ ಹೋದರೆ ಮಜೆಂಟಾವೂ ಹೋಗಿ ಹಳದಿ ಉಳಿಯುತ್ತದೆ. ಕಾಗದದವರೆಗೆ ಹೋದರೆ ಬಿಳಿ. ಅಂದರೆ ಗೀರಿನ ಬಣ್ಣ ನೋಡಿಯೇ ಅದು ಎಷ್ಟು ಆಳ, ಅಡಿಯಲ್ಲಿ ಏನು ಉಳಿದಿದೆ ಅಂತ ಹೇಳಬಹುದು. ಕೆಂಪು ಗೀರಿದ್ದರೆ ಖುಷಿಪಡಿ. ಹಳದಿ ಆದರೆ ನೀಲಿ ಲೇಯರ್ ಮಾತ್ರ ನಂಬಿಕೆಗೆ ಅರ್ಹ. ಬಿಳಿ ಆದರೆ ಮೂರೂ ಹೋಗಿವೆ.

ಬಣ್ಣ ಸರಿಮಾಡುವ ಆಸೆ ಈಗಲೇ ಬೇಡ. `Levels` ಜೋರಾಗಿ ಎಳೆದರೆ ನೆರಳಿನ ಭಾಗಗಳು ಒಂದೇ ಕಪ್ಪಾಗಿ ಅಂಟಿಕೊಳ್ಳುತ್ತವೆ, ಉಳಿದಿದ್ದ ಮಡಿಕೆಯ ವಿವರವೂ ಹೋಗುತ್ತದೆ. ರಿಪೇರಿ ಮೊದಲು, ಬಣ್ಣ ಆಮೇಲೆ.

ಸೀರೆ ಮೇಲಿನ ತಾರೀಖು

ಉಪಾಯ ಇಷ್ಟೇ: ನೀಲಿ ಲೇಯರಲ್ಲಿ ಉಳಿದ ಮಡಿಕೆಗಳನ್ನು ಎರವಲು ತಂದು ಕೆಂಪು ಮತ್ತು ಹಸಿರು ಲೇಯರಿನ ಗಾಯಕ್ಕೆ ತೇಪೆ ಹಾಕುವುದು. ಹಾಗೇ ತಂದು ಇಟ್ಟರೆ ಹೊಂದುವುದಿಲ್ಲ, ಯಾಕಂದ್ರೆ ಹಸಿರು ಸೀರೆಯಲ್ಲಿ ಮೂರೂ ಲೇಯರಿನ ಹೊಳಪು ಬೇರೆ ಬೇರೆ. ಅದನ್ನು ಹೊಂದಿಸಬೇಕು.

ಮೊದಲು ಅಂಕಿಗಳನ್ನು ಆಯ್ಕೆ ಮಾಡಿ. ಕೆಂಪು ಲೇಯರ್ ಒಂದನ್ನೇ ತೋರಿಸಿ, `Fuzzy Select` ತಗೊಂಡು ಅಂಕಿಯ ಒಂದು ಗೆರೆ ಮೇಲೆ ಕ್ಲಿಕ್ ಮಾಡಿ. ಶಿಫ್ಟ್ ಹಿಡಿದು ಉಳಿದ ಗೆರೆಗಳ ಮೇಲೆ ಒಂದೊಂದಾಗಿ ಕ್ಲಿಕ್ ಮಾಡಿ. ಈ ಅಂಕಿಗಳು ಹಳೇ ಕ್ಯಾಲ್ಕುಲೇಟರಿನ ಹಾಗೆ ತುಂಡು ತುಂಡು ಗೆರೆಗಳು, ಅದಕ್ಕೇ ಒಂದೇ ಕ್ಲಿಕ್ಕಿಗೆ ಪೂರ್ತಿ ಸಿಗುವುದಿಲ್ಲ. ಆಮೇಲೆ `Select > Grow` ಅಲ್ಲಿ 5 ಪಿಕ್ಸೆಲ್, `Select > Feather` ಅಲ್ಲಿ 3 ಪಿಕ್ಸೆಲ್. ಈ ಅಗಲಿಸುವುದನ್ನು ಬಿಡಬೇಡಿ. ದೀಪದ ಬೆಳಕು ಫಿಲ್ಮಿನಲ್ಲಿ ಸುತ್ತ ಸ್ವಲ್ಪ ಹರಡಿರುತ್ತದೆ, ಅದನ್ನು ಬಿಟ್ಟರೆ ಅಂಕಿ ಹೋಗಿ ಅಂಕಿಯ ದೆವ್ವ ಉಳಿಯುತ್ತದೆ.

ಈಗ `Color Picker` ತಗೊಂಡು `Sample average` ಟಿಕ್ ಮಾಡಿ, ರೇಡಿಯಸ್ 3 ಇಡಿ. ಅಂಕಿಯ ಪಕ್ಕದಲ್ಲೇ, ಹಾನಿಯಾಗದ ಒಂದು ಮಡಿಕೆಯ ಅತಿ ಕತ್ತಲ ಜಾಗ ಮತ್ತು ಅತಿ ಹೊಳೆಯುವ ಜಾಗ ಆರಿಸಿ. ಎರಡೂ ಜಾಗಗಳಲ್ಲಿ ಮೂರು ಲೇಯರಿನ ಸಂಖ್ಯೆ ಬರೆದುಕೊಳ್ಳಿ. ನನ್ನ ಫೋಟೋದಲ್ಲಿ ಸಿಕ್ಕಿದ್ದು ಇದು: ನೀಲಿ 30ರಿಂದ 75, ಕೆಂಪು 15ರಿಂದ 50, ಹಸಿರು 40ರಿಂದ 104. ನಿಮ್ಮದು ಬೇರೆ ಇರುತ್ತದೆ, ಇವನ್ನೇ ತುಂಬಬೇಡಿ.

ನೀಲಿಯಲ್ಲೂ ಅಂಕಿಯ ಜಾಗ ಪಕ್ಕಕ್ಕಿಂತ 7ರಷ್ಟು ಮೇಲಿತ್ತು. ಅದನ್ನು ಮೊದಲು ಇಳಿಸಬೇಕು. ನೀಲಿ ಲೇಯರ್ ಆರಿಸಿ, ಅಂಕಿಯ ಆಯ್ಕೆ ಹಾಗೇ ಇರುವಾಗ `Colors > Levels` ತೆರೆಯಿರಿ. ಇನ್‌ಪುಟ್ 37 ಮತ್ತು 82, ಔಟ್‌ಪುಟ್ 30 ಮತ್ತು 75. ನೀಲಿ ಲೇಯರಲ್ಲಿ ಅಂಕಿಯ ಸುಳಿವೂ ಇಲ್ಲದಂತಾಯಿತು.

ಇನ್ನು ತೇಪೆ. ನೀಲಿ ಲೇಯರಿನ ನಕಲು ಮಾಡಿ, ಅದನ್ನು ಎಳೆದು ಕೆಂಪು ಲೇಯರಿನ ಸರಿಯಾಗಿ ಮೇಲೆ ಇಡಿ. ಆಯ್ಕೆ ಇನ್ನೂ ಇದೆಯಲ್ಲ, `Layer > Mask > Add Layer Mask` ಒತ್ತಿ `Selection` ಆರಿಸಿ. ಈಗ ಅಂಕಿಯ ಆಕಾರದಷ್ಟು ನೀಲಿ ಮಾತ್ರ ಕೆಂಪಿನ ಮೇಲೆ ಕೂತಿದೆ. ಮಾಸ್ಕಿನ ಚಿತ್ರದ ಮೇಲಲ್ಲ, ಲೇಯರಿನ ಚಿತ್ರದ ಮೇಲೆ ಕ್ಲಿಕ್ ಮಾಡಿ, `Select > None` ಒತ್ತಿ, `Levels` ತೆರೆಯಿರಿ. ಇನ್‌ಪುಟ್ 30 ಮತ್ತು 75, ಔಟ್‌ಪುಟ್ 15 ಮತ್ತು 50. ಬಿಳಿ ಅಂಕಿ ಕರಗಿ ನೆರಿಗೆ ಮೇಲೆದ್ದು ಬರುವುದನ್ನು ನೋಡುವುದೇ ಒಂದು ಮಜಾ. ಅಂಚು ಕಂಡರೆ ಔಟ್‌ಪುಟ್ ಸಂಖ್ಯೆಯನ್ನು ಒಂದೆರಡು ಆಚೀಚೆ ಮಾಡಿ. ಹೊಂದಿದ ಮೇಲೆ `Merge Down`. ಹಸಿರು ಲೇಯರಿಗೂ ಇದೇ ಕೆಲಸ, ಔಟ್‌ಪುಟ್ 40 ಮತ್ತು 104. ಅದಕ್ಕೆ ಅಂಕಿಯ ಆಯ್ಕೆ ಮತ್ತೆ ಬೇಕಾಗುತ್ತದೆ, ಹಾಗಾಗಿ ಶುರುವಿನಲ್ಲೇ `Select > Save to Channel` ಮಾಡಿಟ್ಟುಕೊಂಡರೆ ಜಾಣತನ.

ಒಂದು ಎಚ್ಚರಿಕೆ. ಈ ಲೆಕ್ಕ ಒಂದೇ ಬಣ್ಣದ ಬಟ್ಟೆಗೆ ಮಾತ್ರ. ಅಂಕಿಯ ತುದಿ ಜರಿ ಅಂಚಿನ ಮೇಲೂ ಬಂದಿದ್ದರೆ ಆ ಭಾಗವನ್ನು ಬೇರೆಯಾಗಿ ಆಯ್ದು ಬೇರೆ ಸಂಖ್ಯೆ ಓದಬೇಕು. ಜರಿ ಹಳದಿ, ಅಲ್ಲಿ ನೀಲಿ ತೀರಾ ಕಮ್ಮಿ, ಕೆಂಪು ಜಾಸ್ತಿ. ಸೀರೆಯ ಸಂಖ್ಯೆಯನ್ನೇ ಅಲ್ಲಿಗೂ ಹಾಕಿದರೆ ಜರಿ ಹಸಿರಾಗುತ್ತದೆ.

ನೆಲದ ಮೇಲಿನ `'93`ಗೆ ಈ ಕಸರತ್ತು ಬೇಡ. ಕೆಂಪು ಕಾವಿ ನೆಲದಲ್ಲಿ ನೀಲಿ ಲೇಯರ್ ಹೇಗೂ ಬಹುತೇಕ ಕಪ್ಪು, ಅಲ್ಲಿಂದ ತರೋಕೆ ಏನೂ ಇಲ್ಲ. ನೆಲ ಒಂದೇ ಸಮ ಇರುವುದರಿಂದ ಕಳಕೊಳ್ಳೋಕೂ ಏನಿಲ್ಲ. ಅದನ್ನು ಆಮೇಲೆ ಕ್ಲೋನ್ ಮಾಡಿದರಾಯಿತು.

ಸೀರೆ ಮೇಲಿನ ಕೆಂಪು ಗೀರುಗಳಿಗೂ ಇದೇ ತೇಪೆ. ಸಂಖ್ಯೆಗಳು ಅವೇ, ಆಯ್ಕೆ ಮಾತ್ರ ಬೇರೆ, `Grow` 2 ಪಿಕ್ಸೆಲ್ ಸಾಕು. ಹಸಿರು ಲೇಯರಲ್ಲಿ ಗೀರು ಕಾಣದಿದ್ದರೆ ಅದನ್ನು ಮುಟ್ಟಲೇಬೇಡಿ.

ಎಲ್ಲ ಆದ ಮೇಲೆ `Colors > Components > Compose`. ಅಲ್ಲಿ ಕೆಂಪಿಗೆ `red`, ಹಸಿರಿಗೆ `green`, ನೀಲಿಗೆ `blue` ಲೇಯರ್ ಅಂತ ಕೈಯಾರೆ ಆರಿಸಿ. `Recompose` ಅಂತಲೂ ಒಂದಿದೆ, ಆದರೆ ಅದು ಬಿಡಿಸಿದ ಆ ಮೂಲ ಲೇಯರುಗಳನ್ನೇ ಹುಡುಕುತ್ತದೆ, ಮರ್ಜ್ ಮಾಡಿದ ಮೇಲೆ ಕೈಕೊಡುವ ಸಾಧ್ಯತೆ ಇದೆ. `Compose` ಕೊಟ್ಟ ಹೊಸ ಚಿತ್ರವನ್ನು ತಕ್ಷಣ `.xcf` ಆಗಿ ಉಳಿಸಿ. ಇಲ್ಲಿಂದ ಮುಂದಿನ ಕೆಲಸ ಇದರ ಮೇಲೆ.

ಬಿಳಿ ಗೀರು

ಮಾವನ ಭುಜದ ಗೀರಿನಲ್ಲಿ ಕಾಗದವೇ ಕಾಣುತ್ತಿದೆ, ಯಾವ ಲೇಯರಲ್ಲೂ ಏನೂ ಉಳಿದಿಲ್ಲ. ಆದರೆ ಅಗಲ ಬರೀ ಏಳೆಂಟು ಪಿಕ್ಸೆಲ್, ಹಾಗಾಗಿ ಪಕ್ಕದಿಂದ ತುಂಬಬಹುದು.

ಮೊದಲು ಲೇಯರಿನ ನಕಲು ಮಾಡಿ, ಮೂಲವನ್ನು ಅಡಿಯಲ್ಲಿ ಹಾಗೇ ಬಿಡಿ. ಗೀರು ಗೋಡೆ ಮೇಲೆ ಹಾದುಹೋಗುವ ಕಡೆ `Heal` ಟೂಲ್. ಬ್ರಷ್ ಗೀರಿನ ಎರಡರಷ್ಟು ಅಗಲ, ಅಂದರೆ 15 ಪಿಕ್ಸೆಲ್. ಗೀರಿನ ಪಕ್ಕದಲ್ಲಿ, ಒಂದು ಬ್ರಷ್ಷಿನಷ್ಟು ದೂರದಲ್ಲಿ ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿ ಮೂಲ ಗುರುತು ಮಾಡಿ, `Alignment` ಅನ್ನು `Aligned` ಇಡಿ. ಗೀರಿನ ಒಂದು ತುದಿಯಲ್ಲಿ ಒಮ್ಮೆ ಕ್ಲಿಕ್ ಮಾಡಿ, ಸ್ವಲ್ಪ ಮುಂದೆ ಹೋಗಿ ಶಿಫ್ಟ್ ಹಿಡಿದು ಕ್ಲಿಕ್ ಮಾಡಿದರೆ ನಡುವಿನದನ್ನು ಅದೇ ನೇರವಾಗಿ ತುಂಬುತ್ತದೆ. ಕೈ ನಡುಗುವವರಿಗೆ ಇದು ವರ.

ಗೀರು ಗೋಡೆಯಿಂದ ಮಾವನ ಬಿಳಿ ಅಂಗಿಗೆ ದಾಟುವ ಜಾಗ ಬಂದಾಗ ನಿಲ್ಲಿಸಿ. `Heal` ಸುತ್ತಲಿನ ಬಣ್ಣಕ್ಕೆ ಹೊಂದಿಸಿಕೊಂಡು ತುಂಬುತ್ತದೆ, ಅಂಚಿನ ಮೇಲೆ ಅದಕ್ಕೆ ಯಾವ ಕಡೆಗೆ ಹೊಂದಿಸಬೇಕು ಅಂತ ಗೊತ್ತಾಗುವುದಿಲ್ಲ. ಅಂಗಿಯ ಬಿಳಿ ಗೋಡೆಗೆ, ಗೋಡೆಯ ಹಸಿರು ಅಂಗಿಗೆ ಸೋರಿ, ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಆಗುತ್ತದೆ. ಅಂಚಿನಲ್ಲಿ `Clone` ಬಳಸಿ, ಬ್ರಷ್ 6 ಅಥವಾ 7 ಪಿಕ್ಸೆಲ್, ಸ್ವಲ್ಪ ಗಟ್ಟಿ ಅಂಚಿನದು. ಮೂಲವನ್ನು ಅದೇ ಭುಜದ ಗೆರೆ ಮೇಲೆ, ಗೀರಿಗಿಂತ ಸ್ವಲ್ಪ ಕೆಳಗೆ ತಗೊಂಡರೆ ಗೆರೆಗೆ ಗೆರೆ ಕೂಡಿಕೊಳ್ಳುತ್ತದೆ.

ಮುಖದ ಮೇಲೆ ಗೀರಿದ್ದರೆ ಇನ್ನೂ ಸಣ್ಣ ಬ್ರಷ್, ಮತ್ತೆ ಮತ್ತೆ ಹೊಸ ಮೂಲ. ಮುಖದ ಸುಕ್ಕು, ಮಚ್ಚೆ, ಸಿಡುಬಿನ ಕಲೆ ಗೀರಲ್ಲ. ಅಜ್ಜನ ಹಣೆಯ ಗೆರೆಗಳನ್ನು ನಾನು ಒಮ್ಮೆ ಹುರುಪಿನಲ್ಲಿ ಅಳಿಸಿಬಿಟ್ಟು, ಅತ್ತೆ "ಇದ್ಯಾರೋ ಇದು, ನಮ್ಮಪ್ಪ ಹೀಗಿರಲಿಲ್ಲ ಕಣೋ" ಅಂದಿದ್ದರು.

ಕಿತ್ತುಹೋದ ಮೂಲೆ: ಗೋಡೆ ಕಟ್ಟುವುದು

ಇದು ದೊಡ್ಡ ಕೆಲಸ. ಸುಮಾರು 700 ಪಿಕ್ಸೆಲ್ ಅಗಲ, 500 ಪಿಕ್ಸೆಲ್ ಎತ್ತರದ ಬಿಳಿ ತ್ರಿಕೋನ. ಇಲ್ಲಿ ಕ್ಲೋನ್ ಒಂದನ್ನೇ ನಂಬಿದರೆ ಆಗುವುದು ಏನಂದ್ರೆ, ಗೋಡೆಯ ಬೆಳಕು ಮಧ್ಯದಿಂದ ಮೂಲೆಗೆ ಕಮ್ಮಿಯಾಗುತ್ತಾ ಹೋಗಿರುತ್ತದೆ, ಫ್ಲ್ಯಾಶಿನ ಫೋಟೋದಲ್ಲಂತೂ ಇದು ಜಾಸ್ತಿ. ಮಧ್ಯದ ಗೋಡೆ ತಂದು ಮೂಲೆಗೆ ಹಾಕಿದರೆ ಅಲ್ಲಿ ಬೆಳ್ಳಗಿನ ಪಟ್ಟಿಗಳು. `Heal` ಆದರೆ ಪಕ್ಕದ ಬಿಳಿ ಕಾಗದವನ್ನೂ ಗೋಡೆಯೆಂದು ತಿಳಿದು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಗೋಡೆಯನ್ನು ಎರಡು ಭಾಗ ಮಾಡಿ ಕಟ್ಟಬೇಕು: ಕೆಳಗೆ ನುಣುಪಾದ ಬೆಳಕು, ಅದರ ಮೇಲೆ ಗೋಡೆಯ ಒರಟು.

ಶುರುವಿಗೆ ಹರಿದ ಭಾಗವನ್ನು `Free Select` ಅಲ್ಲಿ ಸುತ್ತು ಹಾಕಿ, ಹರಿದ ಅಂಚಿಗಿಂತ ಹತ್ತು ಪಿಕ್ಸೆಲ್ ಒಳ್ಳೆಯ ಗೋಡೆಯ ಕಡೆಗೆ ಬರುವ ಹಾಗೆ. ಅತ್ತೆಯ ತಲೆಗೂದಲು ಹತ್ತಿರವೇ ಇದೆ. ಕೂದಲಿನ ಎಳೆ ಎಳೆ ಕತ್ತರಿಸೋಕೆ ಹೋಗಬೇಡಿ, ಅದು ಗೆಲ್ಲುವ ಆಟ ಅಲ್ಲ. ಕೂದಲ ಸುತ್ತ ಒಂದಿಷ್ಟು ಹಳೇ ಗೋಡೆ ಚೆನ್ನಾಗಿದ್ದರೆ ಅದನ್ನು ಹಾಗೇ ಬಿಟ್ಟು, ಹೊಸ ಗೋಡೆ ಅದರ ಆಚೆಯಿಂದ ಶುರುವಾಗಲಿ. ಗೋಡೆಗೆ ಗೋಡೆ ಸೇರಿಸುವುದು ಸುಲಭ, ಕೂದಲಿಗೆ ಗೋಡೆ ಸೇರಿಸುವುದು ಕಷ್ಟ. ಆಯ್ಕೆಗೆ `Feather` 8 ಪಿಕ್ಸೆಲ್.

ಬೆಳಕಿನ ಲೇಯರ್: ಒಂದು ಖಾಲಿ ಲೇಯರ್ ಮಾಡಿ. `Color Picker` ರೇಡಿಯಸ್ಸನ್ನು 15ಕ್ಕೆ ಏರಿಸಿ, ಹರಿದ ಜಾಗದ ಒಳಅಂಚಿನ ಪಕ್ಕದ ಗೋಡೆ ಬಣ್ಣವನ್ನು ಫೋರ್‌ಗ್ರೌಂಡ್ ಮಾಡಿ. ಚೌಕಟ್ಟಿನ ಅಂಚಿನ ಹತ್ತಿರ, ಇನ್ನೂ ಚೆನ್ನಾಗಿರುವ ಗೋಡೆಯ ಬಣ್ಣವನ್ನು ಬ್ಯಾಕ್‌ಗ್ರೌಂಡ್ ಮಾಡಿ. ನನಗೆ ಬಲಗಡೆ ಅಂಥ ಗೋಡೆಯೇ ಉಳಿದಿರಲಿಲ್ಲ, ಎಡಮೂಲೆಯಿಂದ ತಗೊಂಡೆ. `Gradient` ಟೂಲಲ್ಲಿ ಆಕಾರ `Radial` ಮಾಡಿ. ಒಳಅಂಚಿನಿಂದ ಮೂಲೆಯವರೆಗೆ ಎಳೆಯುವ ಬದಲು ಫೋಟೋದ ಮಧ್ಯದ ಕಡೆಯಿಂದ ಮೂಲೆಗೆ ಎಳೆದು ನೋಡಿ, ಎರಡೂ ಬಣ್ಣದ ಗುರುತುಗಳನ್ನು ಸರಿಸುತ್ತಾ ಅಂಚು ಕಾಣದ ಹಾಗೆ ಮಾಡಿ. ಈಗ ಗೋಡೆ ಪ್ಲಾಸ್ಟಿಕ್ ಥರ ಕಾಣುತ್ತದೆ. ಕಾಣಲಿ.

ಒರಟಿನ ಲೇಯರ್: ಎಡಮೂಲೆಯ ಚೆನ್ನಾಗಿರುವ ಗೋಡೆಯಿಂದ ಅಷ್ಟೇ ದೊಡ್ಡ ತುಂಡು ಕಾಪಿ ಮಾಡಿ ಹೊಸ ಲೇಯರಾಗಿ ಪೇಸ್ಟ್ ಮಾಡಿ, ಬಲಕ್ಕೆ ತಂದು, `Flip` ಟೂಲಲ್ಲಿ ಅಡ್ಡಡ್ಡ ತಿರುಗಿಸಿ. `Filters > Enhance > High Pass` ಒತ್ತಿ, `Std. Dev.` 20ರ ಸುತ್ತಮುತ್ತ ಇಡಿ. ಎಲ್ಲ ಬೂದು ಬಣ್ಣಕ್ಕೆ ತಿರುಗಿ, ಗೋಡೆಯ ಬ್ರಷ್ ಗುರುತು, ಸಣ್ಣ ಕಲೆ, ಫಿಲ್ಮಿನ ಕಾಳುಕಾಳು ಅಂದರೆ ಗ್ರೇನ್ ಮಾತ್ರ ಉಳಿಯುತ್ತದೆ. ಲೇಯರ್ ಮೋಡ್ `Grain merge` ಮಾಡಿ. ಪ್ಲಾಸ್ಟಿಕ್ ಗೋಡೆಗೆ ಒಮ್ಮೆಲೇ ಡಿಸ್ಟೆಂಪರ್ ಬಳಿದ ಹಾಗಾಗುತ್ತದೆ. ಸುಮ್ನೆ `Noise` ಫಿಲ್ಟರ್ ಹಾಕುವುದಕ್ಕಿಂತ ಇದು ಎಷ್ಟೋ ವಾಸಿ. ಆ ಫಿಲ್ಟರಿನ ಚುಕ್ಕೆಗಳು ಒಂದೊಂದು ಪಿಕ್ಸೆಲಿನವು, 600 ಡಿಪಿಐ ಸ್ಕ್ಯಾನಲ್ಲಿ ನಿಜವಾದ ಗ್ರೇನ್ ಹಲವು ಪಿಕ್ಸೆಲ್ ಸೇರಿದ ಗುಪ್ಪೆ. ಹೊಸ ಗೋಡೆಗೆ ಅದೇ ಫೋಟೋದ ಗ್ರೇನ್ ಸಿಕ್ಕಿದರೆ ಕಣ್ಣಿಗೆ ಜೋಡಣೆ ಸಿಗುವುದಿಲ್ಲ.

ತುಂಡು ಆರಿಸುವಾಗ ಫ್ಲ್ಯಾಶಿನ ನೆರಳು ಇರುವ ಜಾಗ ಬೇಡ. ಜನರ ಒಂದು ಪಕ್ಕಕ್ಕೆ ಗೋಡೆ ಮೇಲೆ ಕಪ್ಪನೆಯ ನೆರಳಿನ ಅಂಚು ಇರುತ್ತದೆ, ಎಲ್ಲರಿಗೂ ಒಂದೇ ಕಡೆಗೆ. ಅದನ್ನು ತಿರುಗಿಸಿ ಇನ್ನೊಂದು ಕಡೆ ಹಾಕಿದರೆ ಮನೆಯಲ್ಲಿ ಎರಡು ಸೂರ್ಯ ಇದ್ದ ಹಾಗೆ. ಅತ್ತೆ ತಲೆಯ ಪಕ್ಕದ ನೆರಳನ್ನು ಕೊಳೆ ಅಂತ ತಿಳಿದು ಅಳಿಸುವುದೂ ಅಷ್ಟೇ ತಪ್ಪು, ಆಗ ಅವರು ಗೋಡೆಗೆ ಅಂಟಿಸಿದ ಚಿತ್ರದ ಹಾಗೆ ಕಾಣುತ್ತಾರೆ.

ದಾರಂದ, ತೋರಣ

ದಾರಂದ ಕೆಳಗೆ ಚೆನ್ನಾಗಿದೆ, ಮೇಲಿನ 400 ಪಿಕ್ಸೆಲ್ ಇಲ್ಲ. ಕೆಳಗಿನ ಕಂಬದ ಅಷ್ಟುದ್ದ ತುಂಡನ್ನು ಹೊಸ ಲೇಯರಿಗೆ ತಂದು ಮೇಲಕ್ಕೆ ಸರಿಸಿ. ನೇರವಾಗಿ ಸರಿಸಿದರೆ ಸಾಮಾನ್ಯವಾಗಿ ಕೂಡುವುದಿಲ್ಲ, ಕ್ಯಾಮೆರಾ ಸ್ವಲ್ಪ ಓರೆ ಹಿಡಿದಿರುತ್ತಾರೆ, ಕಂಬ ಮೇಲೆ ಹೋಗುತ್ತಾ ವಾಲಿರುತ್ತದೆ. ಕಂಬದ ಎರಡೂ ಅಂಚಿನ ಗೆರೆಯನ್ನು ಉಳಿದ ಭಾಗದಿಂದ ಮೇಲಕ್ಕೆ ಮುಂದುವರಿಸಿ ನೋಡಿ. `Paths` ಟೂಲಲ್ಲಿ ಎರಡು ಚುಕ್ಕೆ ಇಟ್ಟರೆ ನೇರ ಗೆರೆ ಸಿಗುತ್ತದೆ. ತುಂಡನ್ನು `Perspective` ಟೂಲಲ್ಲಿ ಆ ಗೆರೆಗಳಿಗೆ ಕೂರಿಸಿ. ಮರದ ಗಂಟು, ಮೊಳೆ ಗುರುತು ಎರಡು ಕಡೆ ಕಂಡರೆ ಮೇಲಿನದನ್ನು `Heal` ಮಾಡಿ. ಮನುಷ್ಯರ ಕಣ್ಣು ಅವಳಿಯನ್ನು ಬೇಗ ಹಿಡಿಯುತ್ತದೆ.

ಅಡ್ಡಪಟ್ಟಿಗೆ ಮಾತ್ರ ಈ ಫೋಟೋದಲ್ಲಿ ಮಾದರಿಯೇ ಇರಲಿಲ್ಲ. ಅದೇ ದಿನದ ಇನ್ನೊಂದು ಫೋಟೋ ನೆರವಾಗಿದ್ದು ಇಲ್ಲಿ. ಅಡ್ಡಪಟ್ಟಿ ಎಷ್ಟು ದಪ್ಪ, ಕಂಬಕ್ಕೆ ಎಲ್ಲಿ ಕೂಡುತ್ತದೆ, ಅರಿಶಿನ ಕುಂಕುಮದ ಬೊಟ್ಟು ಎಲ್ಲೆಲ್ಲಿ ಅಂತ ಅದರಲ್ಲಿ ಇತ್ತು. ಆ ತುಂಡನ್ನೇ ತಂದು ಅಳತೆ ಇಳಿಸಿ ಕೂರಿಸಿದೆ. ಅದು ಇದಕ್ಕಿಂತ ಚೂಪಾಗಿತ್ತು, `Gaussian Blur` 1 ಪಿಕ್ಸೆಲ್ ಕೊಟ್ಟ ಮೇಲೆ ಒಪ್ಪಿತು.

ತೋರಣದಲ್ಲಿ ಐದು ಎಲೆ ಉಳಿದಿದ್ದವು, ನಾಲ್ಕು ಬೇಕಾಗಿತ್ತು. ಬೇರೆ ಬೇರೆ ಮೂರು ಎಲೆ ಆರಿಸಿ, ಅವುಗಳ ಕೆಳಗೆ ಮರದ ಮೇಲೆ ಬಿದ್ದ ನೆರಳಿನ ಸಮೇತ ಕತ್ತರಿಸಿ. ಪ್ರತಿಯೊಂದನ್ನೂ ಐದರಿಂದ ಹದಿನೈದು ಡಿಗ್ರಿ ತಿರುಗಿಸಿ, ಒಂದನ್ನು ಕೊಂಚ ದೊಡ್ಡದು, ಇನ್ನೊಂದನ್ನು ಚಿಕ್ಕದು ಮಾಡಿ. ಮಾವಿನೆಲೆ ಯಾವತ್ತೂ ಸಮವಾಗಿ ತೂಗುವುದಿಲ್ಲ, ಒಂದು ಮುಂದೆ ಬಂದಿರುತ್ತದೆ, ಒಂದು ಪಕ್ಕದ್ದಕ್ಕೆ ಸಿಕ್ಕಿಹಾಕಿಕೊಂಡಿರುತ್ತದೆ. ದಾರ ಎಳೆಯುವುದನ್ನು ಮರೆಯಬೇಡಿ. ನಾನು ಮರೆತಿದ್ದೆ, ಎಲೆಗಳು ಗಾಳಿಯಲ್ಲಿ ನಿಂತಿದ್ದವು.

ಹರಿದ ಭಾಗದ ಅಂಚಿನಲ್ಲಿ ಒಂದು ಕ್ಯಾಲೆಂಡರಿನ ತುದಿಯೂ ಇತ್ತು. ಅದರಲ್ಲಿ ಯಾವ ಚಿತ್ರ ಇತ್ತು ಅಂತ ಯಾರಿಗೂ ಖಾತ್ರಿ ಇಲ್ಲ, ಇನ್ನೊಂದು ಫೋಟೋದಲ್ಲೂ ಅದು ಬಂದಿಲ್ಲ. ಯಾವುದೋ ದೇವರನ್ನು ತಂದು ಕೂರಿಸುವುದಕ್ಕೆ ನನಗೆ ಮನಸ್ಸಾಗಲಿಲ್ಲ. ತುದಿಯನ್ನು ಅಳಿಸಿ ಬರೀ ಗೋಡೆ ಬಿಟ್ಟೆ.

ಜೋಡಣೆ ಕಾಣುತ್ತಾ?

ಬರಿಗಣ್ಣಿಗೆ ಎಲ್ಲ ಸರಿ ಅನ್ನಿಸಿದ ಮೇಲೂ ಒಂದು ಪರೀಕ್ಷೆ ಮಾಡಿ. `Layer > New from Visible` ಒತ್ತಿ, ಬಂದ ಲೇಯರಿಗೆ `Curves` ಅಲ್ಲಿ ಗೆರೆಯನ್ನು ಸಿಕ್ಕಾಪಟ್ಟೆ ಕಡಿದಾಗಿ ಎಳೆಯಿರಿ, ಗೋಡೆಯ ಬಣ್ಣ ಅರ್ಧ ಕಪ್ಪು ಅರ್ಧ ಬಿಳಿ ಆಗುವಷ್ಟು. ಮುಚ್ಚಿಟ್ಟ ಅಂಚುಗಳು, ಕ್ಲೋನಿನ ಪಟ್ಟಿಗಳು, ಅಂಕಿಯ ದೆವ್ವ ಎಲ್ಲ ಎದ್ದು ಕೂರುತ್ತವೆ. ನನ್ನದರಲ್ಲಿ ಹೊಸ ಗೋಡೆ ಹಳೆಯದಕ್ಕಿಂತ ಕೂದಲೆಳೆಯಷ್ಟು ನೀಲಿಯಾಗಿರುವುದು ಆಗಲೇ ಗೊತ್ತಾಗಿದ್ದು. ಬೆಳಕಿನ ಲೇಯರಿಗೆ `Color Balance` ಅಲ್ಲಿ ಸ್ವಲ್ಪ ಹಳದಿ ಕಡೆಗೆ ತಳ್ಳಿದೆ. ಸರಿಮಾಡಿಕೊಂಡು ಪರೀಕ್ಷೆಯ ಲೇಯರನ್ನು ಅಳಿಸಿ.

ಇಷ್ಟಾದ ಮೇಲೆ ಒಟ್ಟು ಬಣ್ಣ. ಎಲ್ಲ ಲೇಯರ್ ಇರುವ `.xcf` ಹಾಗೇ ಇಟ್ಟು, ಇನ್ನೊಂದು `New from Visible` ಮಾಡಿ ಅದರ ಮೇಲೆ `Levels` ಆಡಿಸಿ. ನಾಳೆ ಬಣ್ಣ ಬೇಡವಾದರೆ ಅದೊಂದೇ ಲೇಯರ್ ತೆಗೆದರಾಯಿತು.

ತೆಗೆದ ತಾರೀಖನ್ನು ಎಲ್ಲಿಡುವುದು

ಚಿತ್ರದಿಂದ ಅಳಿಸಿದ್ದನ್ನು ಫೈಲಿನಲ್ಲಿ ಬರೆದಿಡಿ. ಆದರೆ ಬರೆಯುವ ಮೊದಲು ವಿಚಾರಿಸಿ. `8 5 '93` ಅಂದರೆ ಮೇ 8 ಅಥವಾ ಆಗಸ್ಟ್ 5, ಎರಡೂ ಆಗಬಹುದು. ಆ ಕ್ಯಾಮೆರಾಗಳಲ್ಲಿ ದಿನ ಮೊದಲೋ ತಿಂಗಳು ಮೊದಲೋ ಅಂತ ಬದಲಿಸುವ ಗುಂಡಿ ಇರುತ್ತಿತ್ತು, ಬ್ಯಾಟರಿ ತೆಗೆದು ಹಾಕಿದಾಗ ತಾರೀಖು ಅಡ್ಡಾದಿಡ್ಡಿ ಆಗುವುದೂ ಇತ್ತು. ನಾನು ಅತ್ತೆಗೆ ಫೋನ್ ಮಾಡಿ ಕೇಳಿದೆ, "ಅತ್ತೆ, ಗೃಹಪ್ರವೇಶ ಆಗಸ್ಟಲ್ಲಾ ಮಾಡಿದ್ದು?" ಅಂತ. "ಆಗಸ್ಟಲ್ಲಿ ಯಾರೋ ಮಾಡ್ತಾರೆ ನಮ್ಮೂರ ಮಳೇಲಿ? ಮಕ್ಕಳಿಗೆಲ್ಲ ರಜೆ ಇತ್ತು. ಊಟಕ್ಕೆ ಮಾವಿನ ಹಣ್ಣಿನ ಸೀಕರಣೆ ಮಾಡಿಸಿದ್ವಿ, ನೀನು ಮೂರು ಲೋಟ ಕುಡಿದು ರಾತ್ರಿಯೆಲ್ಲ ಹೊಟ್ಟೆನೋವು ಅಂತ ಅತ್ತಿದ್ದೆ." ಅಲ್ಲಿಗೆ ಅದು ಮೇ 8 ಅಂತಾಯಿತು. ಗಿಂಪಿನಿಂದ ಫೋಟೋವನ್ನು ಟಿಫ್ ಆಗಿ `Export` ಮಾಡಿ, ಫೈಲಿನೊಳಗೆ ತಾರೀಖು ಬರೆಯುವ `exiftool` ಅನ್ನುವ ಪ್ರೋಗ್ರಾಮಿಗೆ ಈ ಆಜ್ಞೆ ಕೊಟ್ಟೆ:

```
exiftool -DateTimeOriginal="1993:05:08 00:00:00" gruhapravesha.tif
```